ರಾಜೀನಾಮೆಯ ನಂತರದ ತೊಂಬತ್ತು ದಿನ

ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಆಫರ್ ಲೆಟರ್ ಜೊತೆಗೆ ಇನ್ನೊಂದು ಪತ್ರ ಬರುವುದು ಈಗ ಮಾಮೂಲಿ ಸಂಗತಿ. ಅದಕ್ಕೆ ಗ್ರಾಂಟ್ ಲೆಟರ್ ಎನ್ನುತ್ತಾರೆ. ಕಂಪನಿ ನಿಮಗೆ ಇಂತಿಷ್ಟು ಸ್ಟಾಕ್ ಆಪ್ಷನ್ ಕೊಡುತ್ತಿದೆ ಎಂದು ಮೊದಲ ಸಾಲಿನಲ್ಲೇ ದಪ್ಪ ಅಕ್ಷರಗಳಲ್ಲಿ ಇರುತ್ತದೆ. ಹೆಚ್ಚಿನವರು ಆ ಸಂಖ್ಯೆ ನೋಡಿ, ಖುಷಿಪಟ್ಟು, ಸಹಿ ಹಾಕಿ, ಪತ್ರವನ್ನು ಮೇಲ್‌ಬಾಕ್ಸಿನಲ್ಲೇ ಬಿಟ್ಟುಬಿಡುತ್ತಾರೆ. ಅದನ್ನು ಮತ್ತೆ ತೆರೆಯುವುದು ರಾಜೀನಾಮೆ ಕೊಟ್ಟ ಮೇಲೆ. ಆ ಹೊತ್ತಿಗೆ ಮಾಡಬಹುದಾದದ್ದು ಬಹಳ ಕಡಿಮೆ ಉಳಿದಿರುತ್ತದೆ.

ಆಪ್ಷನ್ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಇನ್ಫೋಸಿಸ್. 1990ರ ದಶಕದಲ್ಲೇ ಆ ಕಂಪನಿ ನೌಕರರಿಗೆ ಸ್ಟಾಕ್ ಆಪ್ಷನ್ ಕೊಟ್ಟಿತು, ಅವರಲ್ಲಿ ಹಲವರು ಕೋಟ್ಯಧಿಪತಿಗಳಾದರು. ಆದರೆ ಆ ಕಥೆ ಹೇಳುವಾಗ ಒಂದು ವಿಷಯ ಬಿಟ್ಟುಹೋಗುತ್ತದೆ. ಇನ್ಫೋಸಿಸ್ 1993ರಲ್ಲೇ ಷೇರುಪೇಟೆಗೆ ಬಂದಿತ್ತು. ಅದರ ಷೇರನ್ನು ಕೊಳ್ಳುವವರು ಪೇಟೆಯಲ್ಲಿ ದಿನವೂ ಇದ್ದರು. ಇಂದಿನ ಗ್ರಾಂಟ್ ಲೆಟರ್‌ಗಳಲ್ಲಿ ಬಹುಪಾಲು ಬರುವುದು ಷೇರುಪೇಟೆಗೆ ಇನ್ನೂ ಕಾಲಿಡದ ಖಾಸಗಿ ಕಂಪನಿಗಳಿಂದ. ಅವುಗಳ ಷೇರಿಗೆ ಬೆಲೆ ಇದೆ, ಆದರೆ ಮಾರಲು ಪೇಟೆ ಇಲ್ಲ. ಕೆಲಸ ಬಿಡುವವರಿಗೆ ಎದುರಾಗುವ ತೊಡಕೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತದೆ.

ಆದ್ದರಿಂದ ಒಂದು ಪತ್ರವನ್ನೇ ಎದುರಿಗಿಟ್ಟುಕೊಂಡು ಓದೋಣ. ಕಂಪನಿಯೂ ಅದರ ನೌಕರಳೂ ಇಲ್ಲಿ ಕಾಲ್ಪನಿಕ. ಷರತ್ತುಗಳು ಮಾತ್ರ ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ. ನೌಕರಳನ್ನು ಸ್ಮಿತಾ ಎಂದು ಕರೆಯೋಣ.

ಮೊದಲ ಪುಟ

ಸ್ಮಿತಾಳ ಪತ್ರದ ಇಂಗ್ಲಿಷನ್ನು ಸರಳ ಕನ್ನಡಕ್ಕೆ ಇಳಿಸಿದರೆ ಮೊದಲ ಪುಟದಲ್ಲಿ ಇರುವುದು ಇಷ್ಟು: ಗ್ರಾಂಟ್ ದಿನಾಂಕ 1 ಜುಲೈ 2023. ಆಪ್ಷನ್‌ಗಳು 4,800. ಒಂದು ಆಪ್ಷನ್‌ಗೆ ಒಂದು ಷೇರು. ಎಕ್ಸರ್‌ಸೈಸ್ ಬೆಲೆ ಷೇರಿಗೆ ₹40.

ಆಪ್ಷನ್ ಎಂದರೆ ಷೇರಲ್ಲ, ಷೇರು ಕೊಳ್ಳುವ ಹಕ್ಕು. ಸೈಟಿಗೆ ಇವತ್ತಿನ ದರದಲ್ಲಿ ಕರಾರು ಮಾಡಿಕೊಂಡು, ನಾಲ್ಕು ವರ್ಷ ಬಿಟ್ಟು ರಿಜಿಸ್ಟರ್ ಮಾಡಿಸಿಕೊಳ್ಳುವ ಹಾಗೆ. ಊರು ಬೆಳೆದು ದರ ಏರಿದರೂ ನೀವು ಕೊಡಬೇಕಾದದ್ದು ಕರಾರಿನ ದರ ಮಾತ್ರ. ಆದರೆ ರಿಜಿಸ್ಟರ್ ಆಗುವವರೆಗೆ ಸೈಟು ನಿಮ್ಮದಲ್ಲ. ಆಪ್ಷನ್ ಇಟ್ಟುಕೊಂಡವರಿಗೆ ಡಿವಿಡೆಂಡ್ ಇಲ್ಲ, ಮತದ ಹಕ್ಕಿಲ್ಲ. ಅದನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ, ಅಡವಿಡುವಂತೆಯೂ ಇಲ್ಲ. ಇದು ಕಂಪನಿಯ ಮರ್ಜಿಯಲ್ಲ. 2013ರ ಕಂಪನಿ ಕಾಯ್ದೆಯಡಿ 2014ರಲ್ಲಿ ಬಂದ ಷೇರು ಬಂಡವಾಳ ನಿಯಮಗಳಲ್ಲೇ ಹೀಗಿದೆ.

ಇನ್ನು ಈ 4,800ರ ಬೆಲೆ ಎಷ್ಟು? ಪತ್ರ ಬಂದಾಗ ಕಂಪನಿಯ ಒಂದು ಷೇರಿನ ಮೌಲ್ಯ ₹240 ಇತ್ತು ಎಂದುಕೊಳ್ಳೋಣ. ಎಚ್‌ಆರ್‌ನವರು 4,800ನ್ನು 240ರಿಂದ ಗುಣಿಸಿ, ₹11.52 ಲಕ್ಷದ ಇಸಾಪ್ ಎಂದು ಸಿಟಿಸಿ ಹಾಳೆಯಲ್ಲಿ ಸೇರಿಸಿದ್ದರು. ಈ ಲೆಕ್ಕ ಸರಿಯಲ್ಲ. ಪ್ರತಿ ಷೇರಿಗೆ ಸ್ಮಿತಾ ₹40 ಕೊಡಲೇಬೇಕು, ಹಾಗಾಗಿ ಲಾಭ ₹200 ಮಾತ್ರ. ಒಟ್ಟು ₹9.6 ಲಕ್ಷ. ಅದೂ ನಾಲ್ಕು ವರ್ಷಕ್ಕೆ ಹರಡಿದ ಮೊತ್ತ. ಮೇಲಾಗಿ ಕಂಪನಿಯ ಒಟ್ಟು ಷೇರು ಎಷ್ಟು ಎಂದು ತಿಳಿಯದೆ 4,800 ದೊಡ್ಡದೋ ಸಣ್ಣದೋ ಹೇಳಲಾಗದು. ಎಲ್ಲ ಆಪ್ಷನ್‌ಗಳನ್ನೂ ಸೇರಿಸಿ ಕಂಪನಿಯಲ್ಲಿ ಒಂದು ಕೋಟಿ ಷೇರುಗಳಿದ್ದರೆ, ಸ್ಮಿತಾಳ ಪಾಲು ಶೇ 0.048.

ತಿಂಗಳಿಗೆ ನೂರು

ಎರಡನೇ ಪುಟದಲ್ಲಿ ವೆಸ್ಟಿಂಗ್ ವೇಳಾಪಟ್ಟಿ ಇದೆ. ಕೊಟ್ಟ 4,800 ಆಪ್ಷನ್ ಒಮ್ಮೆಗೇ ಕೈಗೆ ಬರುವುದಿಲ್ಲ. ಕೆಲಸ ಮಾಡಿದ ಹಾಗೆಲ್ಲ ಅವು ಒಂದೊಂದಾಗಿ ನಿಮ್ಮವಾಗುತ್ತವೆ. ಹಾಗೆ ನಿಮ್ಮವಾಗುವುದಕ್ಕೇ ವೆಸ್ಟ್ ಆಗುವುದು ಎನ್ನುತ್ತಾರೆ. ಸ್ಮಿತಾಳ ಪತ್ರದ ಪ್ರಕಾರ ಗ್ರಾಂಟ್ ಆದ ದಿನದಿಂದ ಒಂದು ವರ್ಷ ತುಂಬುವವರೆಗೆ ಏನೂ ವೆಸ್ಟ್ ಆಗುವುದಿಲ್ಲ. ವರ್ಷ ತುಂಬಿದ ದಿನ, ಅಂದರೆ 1 ಜುಲೈ 2024ರಂದು, ಕಾಲು ಭಾಗವಾದ 1,200 ಒಟ್ಟಿಗೆ ವೆಸ್ಟ್ ಆಗುತ್ತವೆ. ಆಮೇಲೆ ಪ್ರತಿ ತಿಂಗಳ ಒಂದನೇ ತಾರೀಖು ನೂರರಂತೆ 36 ತಿಂಗಳು.

ಮೊದಲ ವರ್ಷದ ಈ ಕಾಯುವಿಕೆಯನ್ನು ಕ್ಲಿಫ್ ಎಂದು ಕರೆಯುತ್ತಾರೆ. ಗ್ರಾಂಟ್‌ಗೂ ಮೊದಲ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು ಎಂಬುದು ನಮ್ಮ ನಿಯಮ. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಸೆಬಿ ವಿಧಿಸಿರುವ ನಿಯಮವೂ ಹೀಗೇ ಇದೆ. ಹನ್ನೊಂದನೇ ತಿಂಗಳಲ್ಲಿ ಬಿಟ್ಟವರಿಗೆ ಹನ್ನೊಂದು ತಿಂಗಳಿನ ಪಾಲು ಸಿಗುವುದಿಲ್ಲ. ಸೊನ್ನೆ ಸಿಗುತ್ತದೆ.

ಇಲ್ಲಿ ಜನ ಎಡವುವುದು ದಿನಾಂಕದಲ್ಲಿ. ಸ್ಮಿತಾ ಕೆಲಸಕ್ಕೆ ಸೇರಿದ್ದು 3 ಏಪ್ರಿಲ್ 2023ರಂದು. ಆದರೆ ಆಪ್ಷನ್ ಕೊಡಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟು ಪತ್ರ ಹೊರಟದ್ದು ಜುಲೈನಲ್ಲಿ. ಆಫರ್ ಲೆಟರ್‌ನಲ್ಲಿ ‘4,800 ಆಪ್ಷನ್ ಕೊಡಲಾಗುವುದು’ ಎಂದು ಬರೆದಿದ್ದರೂ ಅದು ಗ್ರಾಂಟ್ ಅಲ್ಲ, ಗ್ರಾಂಟ್ ಮಾಡುತ್ತೇವೆ ಎಂಬ ಮಾತು ಅಷ್ಟೇ. 2024ರ ಏಪ್ರಿಲ್‌ನಲ್ಲಿ ವರ್ಷವಾಯಿತು ಎಂದುಕೊಂಡು ಅವಳು ಮೇ ತಿಂಗಳಲ್ಲಿ ಕೆಲಸ ಬಿಟ್ಟಿದ್ದರೆ 1,200 ಆಪ್ಷನ್ ಹೋಗುತ್ತಿದ್ದವು. ಆಫರ್ ಲೆಟರ್ ಬಂದು ತಿಂಗಳುಗಳೇ ಕಳೆದರೂ ಗ್ರಾಂಟ್ ಲೆಟರ್ ಬಾರದಿದ್ದರೆ ಸುಮ್ಮನಿರಬಾರದು ಎನ್ನುವುದು ಇದಕ್ಕೇ.

ಷೇರು ಮಾಡಿಕೊಳ್ಳುವುದು

ವೆಸ್ಟ್ ಆದ ಆಪ್ಷನ್‌ಗೆ ಹಣ ಕಟ್ಟಿ ಷೇರು ಪಡೆಯುವುದೇ ಎಕ್ಸರ್‌ಸೈಸ್. ಕಂಪನಿ ಕೊಡುವ ಅರ್ಜಿ ತುಂಬಬೇಕು, ಎಷ್ಟು ಆಪ್ಷನ್ ಎಂದು ಬರೆಯಬೇಕು, ಷೇರಿಗೆ ₹40ರಂತೆ ಹಣ ಕಟ್ಟಬೇಕು. ಆಮೇಲೆ ಆಡಳಿತ ಮಂಡಳಿ ಷೇರು ಹಂಚಿಕೆ ಮಾಡುತ್ತದೆ. ಈಗ ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದ ಖಾಸಗಿ ಕಂಪನಿಗಳೂ ಷೇರನ್ನು ಡಿಮ್ಯಾಟ್ ರೂಪದಲ್ಲೇ ಕೊಡಬೇಕು. ಹಾಗಾಗಿ ಡಿಮ್ಯಾಟ್ ಖಾತೆ ಮೊದಲೇ ಇದ್ದರೆ ಒಳ್ಳೆಯದು.

ಹಣದ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ₹40 ಕೊಟ್ಟು ಹೆಚ್ಚು ಬೆಲೆಯ ಷೇರು ಪಡೆದರೆ ಆ ವ್ಯತ್ಯಾಸವನ್ನು ಆದಾಯ ತೆರಿಗೆ ಕಾನೂನು ಸಂಬಳದ ಭಾಗವೆಂದೇ ಎಣಿಸುತ್ತದೆ. ಷೇರು ಮಾರಿ ದುಡ್ಡು ಕೈಗೆ ಬಂದಿರಬೇಕಾಗಿಲ್ಲ. ಸಂಬಳಕ್ಕೆ ಹಿಡಿಯುವ ಹಾಗೆ ಇದಕ್ಕೂ ಕಂಪನಿ ಟಿಡಿಎಸ್ ಹಿಡಿಯಬೇಕು. ಷೇರಿನ ಮೌಲ್ಯವನ್ನು ಯಾರು ನಿರ್ಧರಿಸುತ್ತಾರೆ? ಪೇಟೆಯಲ್ಲಿರುವ ಷೇರಾದರೆ ಆ ದಿನದ ಆರಂಭದ ಮತ್ತು ಮುಕ್ತಾಯದ ಬೆಲೆಗಳ ಸರಾಸರಿ. ಪೇಟೆಯಲ್ಲಿಲ್ಲದ ಕಂಪನಿಯಾದರೆ ಮರ್ಚೆಂಟ್ ಬ್ಯಾಂಕರ್ ಒಬ್ಬರು ಲೆಕ್ಕ ಹಾಕಿ ಕೊಟ್ಟ ವರದಿ. ಆ ವರದಿ 180 ದಿನಕ್ಕಿಂತ ಹಳೆಯದಾಗಿರಬಾರದು.

ಪೇಟೆಯಲ್ಲಿರುವ ಕಂಪನಿಯ ನೌಕರರಿಗೆ ಇದರಿಂದ ದೊಡ್ಡ ಕಷ್ಟವಿಲ್ಲ. ಒಂದಿಷ್ಟು ಷೇರು ಮಾರಿದರೆ ತೆರಿಗೆ ಕಟ್ಟುವಷ್ಟು ಹಣ ಬರುತ್ತದೆ. ಸ್ಮಿತಾಳಂಥವರಿಗೆ ಆ ದಾರಿ ಇಲ್ಲ. ಅವರು ಕೈಯಿಂದಲೇ ಹಾಕಬೇಕು. ಹೀಗಾಗಿ ಕೆಲಸದಲ್ಲಿರುವವರೆಗೆ ಯಾರೂ ಎಕ್ಸರ್‌ಸೈಸ್ ಮಾಡಲು ಹೋಗುವುದಿಲ್ಲ. ಕಂಪನಿ ಷೇರುಪೇಟೆಗೆ ಬರಲಿ, ಇಲ್ಲವೇ ಬೈಬ್ಯಾಕ್ ಮಾಡಲಿ ಎಂದು ಕಾಯುತ್ತಾರೆ. ಕಾಯುವುದರಲ್ಲಿ ತಪ್ಪೇನಿಲ್ಲ. ಆದರೆ ಕೆಲಸ ಬಿಟ್ಟ ದಿನ ಕಾಯುವ ಅವಕಾಶ ಕೊನೆಗೊಳ್ಳುತ್ತದೆ.

ಬಿಡುವ ದಿನ ಯಾವುದು?

ಸ್ಮಿತಾಳ ಪತ್ರದ ನಾಲ್ಕನೇ ಪುಟದಲ್ಲಿ ಎರಡು ಸಾಲು ಇವೆ: ‘ನೌಕರರು ರಾಜೀನಾಮೆ ಕೊಟ್ಟಲ್ಲಿ ವೆಸ್ಟ್ ಆಗದ ಆಪ್ಷನ್‌ಗಳು ರದ್ದಾಗುತ್ತವೆ. ವೆಸ್ಟ್ ಆದವುಗಳನ್ನು ಕೆಲಸದ ಕೊನೆಯ ದಿನದಿಂದ 90 ದಿನಗಳ ಒಳಗೆ ಎಕ್ಸರ್‌ಸೈಸ್ ಮಾಡತಕ್ಕದ್ದು, ತಪ್ಪಿದಲ್ಲಿ ಅವೂ ರದ್ದಾಗುತ್ತವೆ.’

ಅವಳು ರಾಜೀನಾಮೆ ಕಳಿಸಿದ್ದು 5 ಜನವರಿ 2026ರಂದು. ನೋಟಿಸ್ ಪೀರಿಯಡ್ ಮುಗಿದು ಕೊನೆಯ ದಿನ 20 ಫೆಬ್ರುವರಿ. ಅಷ್ಟರಲ್ಲಿ ಮೊದಲ 1,200 ಮತ್ತು 19 ತಿಂಗಳಿನ 1,900 ಸೇರಿ 3,100 ವೆಸ್ಟ್ ಆಗಿದ್ದವು. ಉಳಿದ 1,700 ಅಲ್ಲಿಗೆ ಹೋದವು. ಕಾನೂನೂ ಇದನ್ನೇ ಹೇಳುತ್ತದೆ: ರಾಜೀನಾಮೆ ಕೊಟ್ಟರೆ, ಕೆಲಸದಿಂದ ತೆಗೆದರೆ, ವೆಸ್ಟ್ ಆಗದ್ದು ಉಳಿಯುವುದಿಲ್ಲ. 20 ಫೆಬ್ರುವರಿಯಿಂದ 90 ದಿನ ಎಣಿಸಿದರೆ ಗಡುವು 21 ಮೇ 2026.

ಇದೇ ಪತ್ರದಲ್ಲಿ ‘ಕೆಲಸದ ಕೊನೆಯ ದಿನ’ ಎಂಬುದರ ಬದಲು ‘ರಾಜೀನಾಮೆ ಸಲ್ಲಿಸಿದ ದಿನ’ ಎಂದಿದ್ದರೆ ಏನಾಗುತ್ತಿತ್ತು ನೋಡಿ. ವೆಸ್ಟಿಂಗ್ ಜನವರಿ 5ಕ್ಕೇ ನಿಲ್ಲುತ್ತಿತ್ತು. ಫೆಬ್ರುವರಿ ಒಂದನೇ ತಾರೀಖಿನ ನೂರು ಸಿಗುತ್ತಿರಲಿಲ್ಲ. ಗಡುವು 5 ಏಪ್ರಿಲ್‌ಗೇ ಬರುತ್ತಿತ್ತು. ನೋಟಿಸ್ ಪೀರಿಯಡ್‌ನ 46 ದಿನ ಆ 90ರಲ್ಲೇ ಕಳೆದು, ಹೊರಗೆ ಬಂದ ಮೇಲೆ ಉಳಿಯುವುದು 44 ದಿನ ಮಾತ್ರ. ಎರಡೂ ಬಗೆಯ ಪತ್ರಗಳು ಬಳಕೆಯಲ್ಲಿವೆ. ಆದ್ದರಿಂದ ರಾಜೀನಾಮೆ ಬರೆಯುವ ಮೊದಲೇ ಈ ಸಾಲನ್ನು ಓದಬೇಕು. ನೋಟಿಸ್ ಪೀರಿಯಡ್‌ಗೆ ಹಣ ಕಟ್ಟಿ ಬೇಗ ಹೊರಡುವವರು, ಹೊಸ ವೆಸ್ಟಿಂಗ್ ತಾರೀಖಿಗೆ ಎಷ್ಟು ದಿನ ಬಾಕಿ ಇದೆ ಎಂದೂ ಕ್ಯಾಲೆಂಡರ್ ನೋಡಬೇಕು. ಪ್ರತಿ ತಿಂಗಳಿನ ಬದಲು ವರ್ಷಕ್ಕೊಮ್ಮೆ ವೆಸ್ಟ್ ಆಗುವ ಪತ್ರವಾದರಂತೂ ಎರಡು ವಾರದ ಅವಸರಕ್ಕೆ ಇಡೀ ವರ್ಷದ ಪಾಲು ಕಳೆದುಹೋಗಬಹುದು.

ಏಳು ಲಕ್ಷದ ಪ್ರಶ್ನೆ

ಸ್ಮಿತಾ ಹೊರಡುವ ಹೊತ್ತಿಗೆ ಷೇರಿನ ಮೌಲ್ಯ ₹640ಕ್ಕೆ ಏರಿತ್ತು ಎಂದಿಟ್ಟುಕೊಳ್ಳಿ. 3,100 ಷೇರು ಕೊಳ್ಳಲು ಅವಳು ಕೊಡಬೇಕಾದದ್ದು ಷೇರಿಗೆ ₹40ರಂತೆ ₹1,24,000. ಇದನ್ನು ಹೇಗೋ ಹೊಂದಿಸಬಹುದು ಎಂದುಕೊಂಡಳು. ಆದರೆ ಪ್ರತಿ ಷೇರಿನ ಮೇಲೆ ₹600 ಲಾಭ ಎಂದು ತೆರಿಗೆ ಲೆಕ್ಕ ಶುರುವಾಗುತ್ತದೆ. 3,100 ಷೇರಿಗೆ ಅದು ₹18,60,000. ಅವಳ ವರ್ಷದ ತೆರಿಗೆಯ ಆದಾಯ ಹೊಸ ಪದ್ಧತಿಯಲ್ಲಿ ಮೊದಲೇ ₹28 ಲಕ್ಷ ಇದೆ. ಅಲ್ಲಿ ₹24 ಲಕ್ಷ ದಾಟಿದ ಆದಾಯಕ್ಕೆ ದರ ಶೇ 30. ಅದರ ಮೇಲೆ ಶೇ 4ರ ಸೆಸ್. ಎರಡೂ ಸೇರಿ ಶೇ 31.2. ಹೀಗೆ ತೆರಿಗೆ ₹5,80,320. ಷೇರಿನ ಬೆಲೆಯೂ ಸೇರಿದರೆ ಕೈಯಿಂದ ಹೋಗುವುದು ₹7,04,320.

ಷೇರಿನ ಬೆಲೆಗಿಂತ ತೆರಿಗೆಯೇ ನಾಲ್ಕು ಪಟ್ಟಿಗೂ ಹೆಚ್ಚು. ಕೊನೆಯ ಸಂಬಳ, ಗಳಿಕೆ ರಜೆಯ ಹಣ ಎಲ್ಲ ಸೇರಿದ ಫುಲ್ ಅಂಡ್ ಫೈನಲ್ ಲೆಕ್ಕದಲ್ಲಿ ಇಷ್ಟು ಟಿಡಿಎಸ್ ಹಿಡಿಯಲು ಹಣ ಸಾಲುವುದಿಲ್ಲ. ಕಡಿಮೆ ಬಿದ್ದದ್ದನ್ನು ಕಟ್ಟಿ, ಆಮೇಲೆ ಷೇರು ಹಂಚುತ್ತೇವೆ ಎಂದು ಕಂಪನಿ ಹೇಳುತ್ತದೆ. ಕಡಿಮೆ ಎಕ್ಸರ್‌ಸೈಸ್ ಬೆಲೆ ವರವೆಂದೇ ಎಲ್ಲರೂ ತಿಳಿಯುತ್ತಾರೆ, ವರ ಹೌದು. ಆದರೆ ಬೆಲೆ ಕಡಿಮೆಯಾದಷ್ಟೂ ವ್ಯತ್ಯಾಸ ಹೆಚ್ಚುತ್ತದೆ, ವ್ಯತ್ಯಾಸ ಹೆಚ್ಚಿದಷ್ಟೂ ತೆರಿಗೆ ಹೆಚ್ಚುತ್ತದೆ.

ಏಳು ಲಕ್ಷ ಹಾಕಬೇಕೇ? ಎರಡು ಕಡೆಯಿಂದಲೂ ನೋಡಬೇಕು. ಮೂರು ವರ್ಷದಲ್ಲಿ ಕಂಪನಿ ಷೇರುಪೇಟೆಗೆ ಬಂದು ಷೇರಿಗೆ ₹1,000 ಸಿಕ್ಕಿತು ಎನ್ನಿ. ₹640ರವರೆಗಿನ ಏರಿಕೆಗೆ ತೆರಿಗೆ ಆಗಲೇ ಕಟ್ಟಿಯಾಗಿದೆ. ಹಾಗಾಗಿ ಬಂಡವಾಳ ಲಾಭ ಷೇರಿಗೆ ₹360 ಮಾತ್ರ, ಅದಕ್ಕೆ ಈಗಿನ ದೀರ್ಘಾವಧಿ ದರ ಶೇ 12.5. ಒಟ್ಟು ₹31 ಲಕ್ಷ ಬಂದು ಹಾಕಿದ ಏಳು ಲಕ್ಷ ಹಲವು ಪಟ್ಟಾಗುತ್ತದೆ. ಅದೇ ಕಂಪನಿ ಸೊರಗಿ ಷೇರು ₹300ಕ್ಕೆ ಇಳಿದರೆ? 3,100 ಷೇರಿಗೆ ₹9,30,000 ಬರುತ್ತದೆ, ಅದೂ ಕೊಳ್ಳುವವರು ಸಿಕ್ಕರೆ. ಕಂಪನಿ ಮುಚ್ಚಿದರೆ ಏನೂ ಇಲ್ಲ. ಆಗಲೂ ಕಟ್ಟಿದ ₹5.8 ಲಕ್ಷ ತೆರಿಗೆಯನ್ನು ಸರಕಾರ ವಾಪಸ್ ಕೊಡುವುದಿಲ್ಲ. ಇಳಿದ ಬೆಲೆಗೆ ಷೇರು ಮಾರಿದಾಗ ಆಗುವ ನಷ್ಟವನ್ನು ಬಂಡವಾಳ ನಷ್ಟವೆಂದು ತೋರಿಸಿ, ಮುಂದಿನ ಎಂಟು ವರ್ಷದವರೆಗೆ ಬೇರೆ ಬಂಡವಾಳ ಲಾಭದ ಎದುರು ವಜಾ ಮಾಡಿಕೊಳ್ಳಬಹುದು. ಸಂಬಳದ ಎದುರು ಮಾಡಿಕೊಳ್ಳುವಂತಿಲ್ಲ.

ಎಲ್ಲವನ್ನೂ ಕೊಳ್ಳಬೇಕು, ಇಲ್ಲವೇ ಎಲ್ಲವನ್ನೂ ಬಿಡಬೇಕು ಎಂದೇನೂ ಇಲ್ಲ. ಬಹಳ ಸ್ಕೀಮ್‌ಗಳಲ್ಲಿ ಒಂದು ಭಾಗವನ್ನು ಮಾತ್ರ ಎಕ್ಸರ್‌ಸೈಸ್ ಮಾಡಬಹುದು. ಸ್ಮಿತಾ 1,000 ಷೇರು ಮಾತ್ರ ತೆಗೆದುಕೊಂಡರೆ ಬೆಲೆ ₹40,000, ತೆರಿಗೆ ₹1,87,200. ಒಟ್ಟು ₹2,27,200. ಕಳೆದುಕೊಂಡರೂ ತಡೆದುಕೊಳ್ಳುವ ಮೊತ್ತ ಎಷ್ಟು ಎಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಬಂದು ಎಷ್ಟು ಷೇರು ಎಂದು ಲೆಕ್ಕ ಹಾಕುವುದು ವಿವೇಕದ ದಾರಿ. ಸಾಲ ಮಾಡಿ ಕೊಳ್ಳುವವರು, ಷೇರು ಮಾರಲಾಗದಿದ್ದರೂ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲೊಂದು ಸಣ್ಣ ಅನುಕೂಲವೂ ಇದೆ. ಸ್ಮಿತಾಳ 90 ದಿನ ಮಾರ್ಚ್ 31ನ್ನು ದಾಟಿ ಹೋಗುತ್ತದೆ. ಮೌಲ್ಯ ಲೆಕ್ಕವಾಗುವುದು ಎಕ್ಸರ್‌ಸೈಸ್ ಮಾಡಿದ ದಿನಕ್ಕೆ, ತೆರಿಗೆ ಬೀಳುವುದು ಷೇರು ಹಂಚಿಕೆಯಾದ ವರ್ಷಕ್ಕೆ. ಒಂದಿಷ್ಟನ್ನು ಮಾರ್ಚ್ ಒಳಗೆ, ಉಳಿದದ್ದನ್ನು ಏಪ್ರಿಲ್ ನಂತರ ಮಾಡಿಸಿಕೊಂಡರೆ ಆದಾಯ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಇವಳ ಒಟ್ಟು ಆದಾಯ ₹46.6 ಲಕ್ಷ, ಅಂದರೆ ₹50 ಲಕ್ಷದ ಒಳಗೇ ಇರುವುದರಿಂದ ಹೆಚ್ಚು ಉಳಿತಾಯವಿಲ್ಲ. ಆ ಗೆರೆ ದಾಟುವವರಿಗೆ ಸರ್‌ಚಾರ್ಜ್ ಬೀಳುತ್ತದೆ, ಅವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಸ್ಟಾರ್ಟಪ್‌ಗೆ ತೆರಿಗೆ ಮುಂದೂಡಿಕೆ ಇದೆಯಲ್ಲ?

ಇದೆ. 2020ರ ಬಜೆಟ್‌ನಲ್ಲಿ ಬಂದ ಈ ಸೌಲಭ್ಯವನ್ನು ಬಹಳ ಜನ ನೆಚ್ಚಿಕೊಂಡಿದ್ದಾರೆ. ಅದರ ಪ್ರಕಾರ ಅರ್ಹ ಸ್ಟಾರ್ಟಪ್‌ನ ನೌಕರರು ಎಕ್ಸರ್‌ಸೈಸ್ ಮಾಡಿದ ಕೂಡಲೇ ತೆರಿಗೆ ಕಟ್ಟಬೇಕಾಗಿಲ್ಲ, ಸರಿಸುಮಾರು ಐದು ವರ್ಷ ಮುಂದೂಡಬಹುದು. ಆದರೆ ಎರಡು ಗಂಟುಗಳಿವೆ. ಒಂದು, ಸ್ಟಾರ್ಟಪ್ ಎಂದು ಕೇಂದ್ರದ ಮಾನ್ಯತೆ ಪಡೆದರೆ ಸಾಲದು, ತೆರಿಗೆ ರಜೆಗಾಗಿ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರವೂ ಕಂಪನಿಗೆ ಬೇಕು. ಅದನ್ನು ಪಡೆದ ಕಂಪನಿಗಳು ಮಾನ್ಯತೆ ಪಡೆದವುಗಳಲ್ಲಿ ಸಣ್ಣ ಭಾಗ. ಎರಡು, ಐದು ವರ್ಷ ತುಂಬುವ ಮೊದಲೇ ಷೇರು ಮಾರಿದರೆ ಅಥವಾ ಕೆಲಸ ಬಿಟ್ಟರೆ ಮುಂದೂಡಿಕೆ ಅಲ್ಲಿಗೇ ಮುಗಿಯುತ್ತದೆ. ಆ ದಿನದಿಂದ 14 ದಿನದೊಳಗೆ ತೆರಿಗೆ ಕಟ್ಟಬೇಕು. ಅಂದರೆ ಕೆಲಸ ಬಿಟ್ಟವರ ಕೈ ಹಿಡಿಯಬೇಕಾದ ಹೊತ್ತಿಗೇ ಈ ಸೌಲಭ್ಯ ಕೈಬಿಡುತ್ತದೆ. ಕೆಲಸದಲ್ಲಿದ್ದಾಗಲೇ ಎಕ್ಸರ್‌ಸೈಸ್ ಮಾಡಿ ತೆರಿಗೆ ಮುಂದೂಡಿಸಿಕೊಂಡವರು ರಾಜೀನಾಮೆಗೆ ಮುಂಚೆ ಆ ಹಳೆಯ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೊಂಬತ್ತು ಎಲ್ಲಿಂದ ಬಂತು?

ವೆಸ್ಟ್ ಆದದ್ದನ್ನು ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಎಕ್ಸರ್‌ಸೈಸ್ ಮಾಡಬೇಕು ಎಂದು ಭಾರತದ ಕಾನೂನು ಹೇಳುವುದಿಲ್ಲ. ಕಂಪನಿಯ ಸ್ಕೀಮ್‌ನಲ್ಲಿ ಬರೆದಷ್ಟು ದಿನ ಎಂದು ಬಿಟ್ಟಿದೆ. ತೊಂಬತ್ತು ದಿನದ ರೂಢಿಯ ಬೇರು ಇರುವುದು ಅಮೆರಿಕದ ತೆರಿಗೆ ಕಾನೂನಿನಲ್ಲಿ. ಅಲ್ಲಿ ಒಂದು ಬಗೆಯ ಆಪ್ಷನ್‌ಗೆ ತೆರಿಗೆ ರಿಯಾಯಿತಿ ಇದೆ. ಕೆಲಸ ಬಿಟ್ಟು ಮೂರು ತಿಂಗಳೊಳಗೆ ಎಕ್ಸರ್‌ಸೈಸ್ ಮಾಡಿದರೆ ಮಾತ್ರ ಆ ರಿಯಾಯಿತಿ ಸಿಗುತ್ತದೆ. ಸಿಲಿಕಾನ್ ವ್ಯಾಲಿಯ ಕಂಪನಿಗಳು ಆ ಮೂರು ತಿಂಗಳನ್ನೇ ತಮ್ಮ ಪತ್ರಗಳಲ್ಲಿ ಬರೆದುಕೊಂಡವು. ನಮ್ಮಲ್ಲಿ ಅಂಥ ರಿಯಾಯಿತಿಯೇ ಇಲ್ಲ, ಆದರೂ ಗಡುವು ಮಾತ್ರ ನಮ್ಮ ಪತ್ರಗಳಲ್ಲೂ ಕಾಣುತ್ತದೆ.

ಅಮೆರಿಕದಲ್ಲೇ ಇದನ್ನು ಬದಲಿಸಿದವರಿದ್ದಾರೆ. ಪಿಂಟರೆಸ್ಟ್ ಕಂಪನಿ 2015ರಲ್ಲಿ, ಎರಡು ವರ್ಷ ದುಡಿದು ಹೋಗುವವರಿಗೆ ಏಳು ವರ್ಷದ ಅವಧಿ ಕೊಟ್ಟಿತು. ನಮ್ಮ ಕೆಲವು ಸ್ಟಾರ್ಟಪ್‌ಗಳೂ ಈಗ ವರ್ಷಗಟ್ಟಲೆ ಅವಧಿ ಕೊಡುತ್ತಿವೆ. ದೀರ್ಘ ಅವಧಿ ಇದ್ದರೆ ಕೆಲಸ ಬಿಟ್ಟವರು ಕಂಪನಿ ಷೇರುಪೇಟೆಗೆ ಬರುವವರೆಗೆ ಕಾದು, ಷೇರು ಮಾರಿದ ಹಣದಲ್ಲೇ ತೆರಿಗೆ ಕಟ್ಟಬಹುದು. ಸ್ಮಿತಾಳ ಪತ್ರದಲ್ಲಿ 90 ದಿನದ ಬದಲು ಐದು ವರ್ಷ ಎಂದಿದ್ದರೆ ಏಳು ಲಕ್ಷದ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಆಪ್ಷನ್ ಕೊಟ್ಟಾದ ಮೇಲೂ ಕಂಪನಿ ಇದನ್ನು ಸಡಿಲಿಸಬಹುದು. ಎಕ್ಸರ್‌ಸೈಸ್ ಆಗದ ಆಪ್ಷನ್‌ಗಳ ಷರತ್ತನ್ನು ಷೇರುದಾರರ ವಿಶೇಷ ನಿರ್ಣಯದಿಂದ ಬದಲಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಆ ಬದಲಾವಣೆ ನೌಕರರಿಗೆ ತೊಂದರೆ ಮಾಡುವಂತಿರಬಾರದು. ಗಡುವು ಹಿಗ್ಗಿಸಬಹುದು, ಕುಗ್ಗಿಸಿ ಹಕ್ಕು ಕಸಿಯುವಂತಿಲ್ಲ.

ಬೇರೆ ರೀತಿ ಹೊರಟವರು

ಎಲ್ಲರೂ ರಾಜೀನಾಮೆ ಕೊಟ್ಟೇ ಹೋಗುವುದಿಲ್ಲ. ಕೆಲಸದಲ್ಲಿದ್ದಾಗಲೇ ನೌಕರರು ತೀರಿಕೊಂಡರೆ ಅಲ್ಲಿಯವರೆಗೆ ಗ್ರಾಂಟ್ ಆದ ಆಪ್ಷನ್‌ಗಳೆಲ್ಲ, ವೆಸ್ಟ್ ಆಗದವೂ ಸೇರಿ, ವಾರಸುದಾರರಿಗೆ ಅಥವಾ ನಾಮಿನಿಗೆ ವೆಸ್ಟ್ ಆಗುತ್ತವೆ. ಇದು ಕಾನೂನಿನ ರಕ್ಷಣೆ. ಕೆಲಸ ಮಾಡುತ್ತಲೇ ಶಾಶ್ವತ ಅಂಗವೈಕಲ್ಯ ಬಂದರೂ ಅದೇ ದಿನ ಎಲ್ಲ ವೆಸ್ಟ್ ಆಗುತ್ತವೆ. ಆದರೆ ಇಂಥ ಪತ್ರ ಇದೆ ಎಂಬುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಈ ರಕ್ಷಣೆ ಉಪಯೋಗಕ್ಕೆ ಬಾರದು. ನಾಮಿನಿ ಹೆಸರು ಬರೆಸುವುದರ ಜೊತೆಗೆ ಪತ್ರದ ಪ್ರತಿಯನ್ನು ಮನೆಯಲ್ಲೂ ಇಟ್ಟಿರಬೇಕು, ಕಂಪನಿಯ ಮೇಲ್ ಐಡಿ ಮನೆಯವರಿಗೆ ತೆರೆಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ದುರ್ನಡತೆಗಾಗಿ ಕೆಲಸದಿಂದ ತೆಗೆಯುವುದು. ಹೀಗೆ ತೆಗೆದವರ ವೆಸ್ಟ್ ಆದ ಆಪ್ಷನ್‌ಗಳೂ ರದ್ದಾಗುತ್ತವೆ ಎಂದು ಬಹಳ ಸ್ಕೀಮ್‌ಗಳು ಬರೆದಿರುತ್ತವೆ. ಇಲ್ಲಿ ನೋಡಬೇಕಾದದ್ದು ದುರ್ನಡತೆ ಎಂದರೆ ಏನು ಎಂದು ಹೇಳುವ ಪ್ಯಾರಾ. ವಂಚನೆ, ಕಳವು, ಗುಟ್ಟು ಸೋರಿಸುವುದು ಎಂದು ಪಟ್ಟಿ ಮಾಡಿದ್ದರೆ ಸರಿ. ‘ಆಡಳಿತ ಮಂಡಳಿಗೆ ತೃಪ್ತಿಕರವಲ್ಲದ ಕೆಲಸ’ವೂ ಆ ಪಟ್ಟಿಯಲ್ಲಿದ್ದರೆ ಲೇಆಫ್ ಕಾಲದಲ್ಲಿ ಅದೇ ಸಾಲು ತಿರುಗಿಬೀಳಬಹುದು. ಪ್ರತಿಸ್ಪರ್ಧಿ ಕಂಪನಿ ಸೇರಿದರೆ ಆಪ್ಷನ್ ರದ್ದು ಎನ್ನುವ ಷರತ್ತೂ ಕೆಲವೆಡೆ ಇದೇ ಪ್ಯಾರಾದಲ್ಲಿ ಅಡಗಿರುತ್ತದೆ.

ಇನ್ನೊಂದು ಷರತ್ತು ಎಕ್ಸರ್‌ಸೈಸ್ ಆದ ಮೇಲಿನದು. ಕೆಲಸ ಬಿಟ್ಟವರ ಷೇರನ್ನು ಕಂಪನಿ ಅಥವಾ ಅದು ಸೂಚಿಸಿದವರು ಮರಳಿ ಕೊಳ್ಳಬಹುದು ಎಂದು ಇರುತ್ತದೆ. ಯಾವ ಬೆಲೆಗೆ ಎಂಬುದೇ ಮುಖ್ಯ. ಅಂದಿನ ಮೌಲ್ಯಕ್ಕೆ ಎಂದಿದ್ದರೆ ಚಿಂತೆಯಿಲ್ಲ. ನೀವು ಕೊಟ್ಟ ₹40ಕ್ಕೇ ಎಂದಿದ್ದರೆ, ₹600ರ ಮೇಲೆ ತೆರಿಗೆ ಕಟ್ಟಿ ಪಡೆದ ಷೇರನ್ನು ₹40ಕ್ಕೆ ಬಿಟ್ಟುಕೊಡಬೇಕಾಗಿ ಬರಬಹುದು.

ಸಹಿ ಹಾಕುವ ಮುನ್ನ

ಈ ಷರತ್ತುಗಳಲ್ಲಿ ಅರ್ಧದಷ್ಟು ಗ್ರಾಂಟ್ ಲೆಟರ್‌ನಲ್ಲಿ ಇರುವುದಿಲ್ಲ. ‘ಉಳಿದಂತೆ ಸ್ಕೀಮ್‌ನ ನಿಯಮಗಳು ಅನ್ವಯಿಸುತ್ತವೆ’ ಎಂಬ ಒಂದು ಸಾಲು ಇರುತ್ತದೆ. ಸ್ಕೀಮ್ ಎನ್ನುವುದು ಷೇರುದಾರರು ಒಪ್ಪಿದ ದೊಡ್ಡ ದಾಖಲೆ. ಪತ್ರಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಸ್ಕೀಮೇ ಗೆಲ್ಲುತ್ತದೆ. ಅದನ್ನು ಕೇಳಿ ಪಡೆಯಬೇಕು. ಕೊಡಲು ಹಿಂದೆ ಮುಂದೆ ನೋಡುವ ಕಂಪನಿಯಿಂದ, ಪ್ರಶ್ನೆಗಳಿಗೆ ಉತ್ತರವನ್ನಾದರೂ ಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಎಚ್‌ಆರ್‌ನವರು ಬಾಯಲ್ಲಿ ಹೇಳಿದ ‘ಅದೆಲ್ಲ ಆಗ ನೋಡಿಕೊಳ್ಳೋಣ’ ಎಂಬ ಮಾತು ಮೂರು ವರ್ಷದ ನಂತರ ಅವರೇ ಅಲ್ಲಿರದಿದ್ದಾಗ ನಿಲ್ಲುವುದಿಲ್ಲ.

ಒಳ್ಳೆಯ ಪತ್ರದಲ್ಲಿ ಕೆಲಸ ಬಿಡುವ ಭಾಗ ಹೀಗೆ ಸರಳವಾಗಿ ಇರಬಹುದು: ‘ನೀವು ರಾಜೀನಾಮೆ ಕೊಟ್ಟರೆ ಕೆಲಸದ ಕೊನೆಯ ದಿನದವರೆಗೆ ವೆಸ್ಟ್ ಆದ ಆಪ್ಷನ್‌ಗಳು ನಿಮ್ಮವು. ಆ ದಿನದಿಂದ ಇಷ್ಟು ವರ್ಷದೊಳಗೆ ಷೇರಿಗೆ ₹40 ಕಟ್ಟಿ ಅವುಗಳನ್ನು ಪೂರ್ತಿಯಾಗಿ ಅಥವಾ ಭಾಗಶಃ ಷೇರು ಮಾಡಿಕೊಳ್ಳಬಹುದು. ಆಗ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಎಷ್ಟು ಎಂದು ನೀವು ಹಣ ಕಟ್ಟುವ ಮೊದಲೇ ಲಿಖಿತವಾಗಿ ತಿಳಿಸುತ್ತೇವೆ. ಗಡುವಿಗೆ 30 ದಿನ ಇರುವಾಗ ನಿಮ್ಮ ಸ್ವಂತ ಮೇಲ್ ಐಡಿಗೆ ನೆನಪಿಸುತ್ತೇವೆ. ನಿಮ್ಮ ಷೇರನ್ನು ಕಂಪನಿ ಮರಳಿ ಕೊಂಡರೆ ಅಂದಿನ ಮೌಲ್ಯವನ್ನೇ ಕೊಡುತ್ತದೆ.’

ನಿಮ್ಮ ಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಿ. ಗಡುವು ಎಂದಿನಿಂದ, ಎಷ್ಟು ದಿನ, ಭಾಗಶಃ ಕೊಳ್ಳಬಹುದೇ, ಮರಳಿ ಕೊಳ್ಳುವ ಬೆಲೆ ಯಾವುದು — ಈ ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಸಿಗುವುದಿಲ್ಲವೋ ಅದನ್ನು ಸಹಿಗೆ ಮೊದಲೇ ಕೇಳಬೇಕು. ಸಂಬಳದ ಬಗ್ಗೆ ಚೌಕಾಶಿ ಮಾಡುವ ವಾರದಲ್ಲೇ ಗಡುವಿನ ಬಗ್ಗೆಯೂ ಮಾತಾಡಿ. ಕಂಪನಿಗೆ ನೀವು ಬೇಕಾಗಿರುವುದು ಆಗ. ಆಪ್ಷನ್‌ಗಳ ಸಂಖ್ಯೆ ಹೆಚ್ಚಿಸಲು ಒಪ್ಪದ ಕಂಪನಿ, ತನ್ನ ಕೈಯಿಂದ ಅಂದೇ ದುಡ್ಡು ಹೋಗದ ಈ ಬೇಡಿಕೆಗೆ ಒಪ್ಪುವ ಸಾಧ್ಯತೆ ಹೆಚ್ಚು.